ಚಿ. ಸೌ. ಎಂಬ ಎರಡಕ್ಷರ

ಹನ್ನೊಂದು ಹಾಳೆ, ಎರಡೂ ಮಗ್ಗುಲಿಗೆ ಬರೆದದ್ದು. ಮೇಷ್ಟ್ರು ಅದನ್ನು ಹಳೆಯ ಹಾಜರಿ ಪುಸ್ತಕದ ರಟ್ಟಿನ ನಡುವೆ ಇಟ್ಟುಕೊಂಡು ಬಂದಿದ್ದರು. ನಮ್ಮ ಜಗಲಿಯ ಮೇಲೆ ಕೂತು, ಪಂಚೆಯ ತುದಿಯಿಂದ ಕನ್ನಡಕ ಒರೆಸಿಕೊಂಡು, "ಓದು. ತಪ್ಪಿದ್ರೆ ಕೆಳಗೆ ಗೆರೆ ಎಳಿ. ನಿನ್ನ ಪ್ರಬಂಧಕ್ಕೆ ನಾನು ಎಳೀತಿರಲಿಲ್ವಾ, ಹಂಗೆ" ಅಂದರು.

ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದವರು ಅವರು. ಅವರ ಬರಹಕ್ಕೆ ನಾನು ಗೆರೆ ಎಳೆಯುವುದೆಂದರೆ ಕೈ ನಡುಗುವ ಕೆಲಸವೇ. ಆದರೂ ಆ ಕಾಗದ ನಾಲ್ಕು ಸಲ ತಿದ್ದಿಸಿಕೊಂಡು, ಕೊನೆಗೆ ಒಂದೂವರೆ ಪುಟಕ್ಕೆ ಇಳಿದು, ಐದು ರೂಪಾಯಿಯ ಅಂಚೆಚೀಟಿ ಅಂಟಿಸಿಕೊಂಡು ಹೋಯಿತು. ಅದಕ್ಕೆ ಎರಡು ತಿಂಗಳು ಹಿಡಿಯಿತು. ಮುನಿಸಿಕೊಂಡು ದೂರವಾದ ಮಗಳಿಗೆ ಅಪ್ಪ ಬರೆಯುವ ಕಾಗದ ಎಲ್ಲೆಲ್ಲಿ ಎಡವುತ್ತದೆ ಎಂದು ನಾನು ಕಲಿತದ್ದು ಆ ಎರಡು ತಿಂಗಳಲ್ಲಿ. ಇದನ್ನು ಬರೆಯಲು ಮೇಷ್ಟ್ರು, ಅವರ ಮಗಳು ಇಬ್ಬರೂ ಒಪ್ಪಿದ್ದಾರೆ. ಊರು, ಹೆಸರು ಹೇಳುವುದಿಲ್ಲ. ಗುರುತು ಸಿಗುವ ಒಂದೆರಡು ಸಂಗತಿ ಬದಲಿಸಿದ್ದೇನೆ.

ಮದುವೆಯಾದದ್ದು 2014ರಲ್ಲಿ. ಮಗಳು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು, ಹುಡುಗ ಅದೇ ಊರಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಶಿಯನ್. ಹುಡುಗ ಪರಿಶಿಷ್ಟ ಜಾತಿಯವನು. ಮೇಷ್ಟ್ರ ಜಾತಿ ಯಾವುದು ಎಂಬುದು ಬೇಡ, ಮೇಲಿನದು ಅಂದುಕೊಂಡ ಜಾತಿ ಎಂದಷ್ಟೇ ಸಾಕು. ಇಬ್ಬರೂ 1954ರ ವಿಶೇಷ ವಿವಾಹ ಕಾಯ್ದೆಯ ಕೆಳಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟರು. ಆ ಕಾಯ್ದೆಯಲ್ಲಿ ಅರ್ಜಿಯ ನೋಟಿಸನ್ನು ಕಚೇರಿಯ ಬೋರ್ಡಿಗೆ ಅಂಟಿಸಿ 30 ದಿನ ಕಾಯಬೇಕು. ಮನೆಯವರಿಗೆ ಗೊತ್ತಾಗುವುದು ಬಹಳ ಸಲ ಈ ಬೋರ್ಡಿನಿಂದಲೇ. ಇಲ್ಲಿಯೂ ಹಾಗೇ ಆಯಿತು. ಯಾರೋ ನೋಡಿದರು, ಯಾರಿಗೋ ಹೇಳಿದರು, ಇಪ್ಪತ್ತನೇ ದಿನ ಮೇಷ್ಟ್ರು ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದರು. ತಕರಾರು ಅರ್ಜಿಯನ್ನೂ ಬರೆದುಕೊಟ್ಟರು. ವಯಸ್ಸು ತುಂಬಿಲ್ಲ, ಮೊದಲೇ ಮದುವೆಯಾಗಿದೆ, ಹತ್ತಿರದ ರಕ್ತಸಂಬಂಧವಿದೆ, ಒಪ್ಪಿಗೆ ಕೊಡುವಷ್ಟು ಮನಸ್ಸು ಸ್ವಸ್ಥವಿಲ್ಲ, ಇಂಥವು ಮಾತ್ರ ಅಲ್ಲಿ ತಕರಾರು. ಜಾತಿ ತಕರಾರಲ್ಲ. ಅರ್ಜಿ ನಿಲ್ಲಲಿಲ್ಲ. ಮೂವರು ಸಾಕ್ಷಿಗಳ ಸಹಿಯೊಂದಿಗೆ ಮದುವೆ ನಡೆಯಿತು.

ಅದಕ್ಕೂ ಮುಂಚೆ, ಅದೇ ಮೆಟ್ಟಿಲ ಮೇಲೆ ಹುಡುಗನ ತಾಯಿಗೆ ಮೇಷ್ಟ್ರು ಒಂದು ಮಾತು ಅಂದರು. ಜಾತಿ ಹಿಡಿದು ಅಂದ ಮಾತು. ಅದಾದ ಮೇಲೆ ಫೋನಿನಲ್ಲಿ ಮಗಳಿಗೆ, "ನಿನ್ನ ಹೆಸರಿಗೆ ಎಳ್ಳುನೀರು ಬಿಟ್ಟಿದೀನಿ" ಅಂದರು. ಒಂದು ಸಲ ಅಲ್ಲ, ಮೂರ್ನಾಲ್ಕು ವರ್ಷ, ಅವಳು ಫೋನು ಮಾಡಿದಾಗಲೆಲ್ಲ ಅಂದರು. ಆಮೇಲೆ ಅವಳು ಮಾಡುವುದನ್ನೇ ನಿಲ್ಲಿಸಿದಳು.

ಈಗ ಹನ್ನೊಂದು ಹಾಳೆಯ ವಿಚಾರ. ಅದರಲ್ಲಿ ಆರು ಹಾಳೆ ಮಗಳನ್ನು ಬೆಳೆಸಿದ ಕಥೆ. ಟ್ಯೂಷನ್ನಿಗೆ ಕೊಟ್ಟದ್ದು, ಹಾಸ್ಟೆಲ್ ಫೀಸಿಗೆ ಸೊಸೈಟಿಯಲ್ಲಿ ಸಾಲ ಎತ್ತಿದ್ದು, ಒಂದು ವರ್ಷದ ಕೊಬ್ಬರಿ ದುಡ್ಡೆಲ್ಲ ಎಂ.ಎಸ್ಸಿ.ಗೇ ಹೋದದ್ದು. ಮುಂದಿನ ಮೂರು ಹಾಳೆ ಅವಳು ಹೋದಮೇಲೆ ತಾವು ಪಟ್ಟ ಪಾಡು: ನೆಂಟರು ಆಡಿಕೊಂಡದ್ದು, ಜಾತ್ರೆಯಲ್ಲಿ ತಲೆ ಎತ್ತಲಾಗದ್ದು, ನಿವೃತ್ತಿಯ ದಿನ ವೇದಿಕೆಯ ಮೇಲೆ ಯಾರೋ "ಮಗಳು ಬಂದಿಲ್ವಾ ಸಾರ್" ಎಂದು ಕೇಳಿದ್ದು. ಅದರ ಮುಂದೆ ಬಿ.ಪಿ., ಸಕ್ಕರೆ, ಮಂಡಿನೋವು. ಕೊನೆಯ ಅರ್ಧ ಪುಟದಲ್ಲಿ ಕ್ಷಮೆ.

"ಸಾರ್, ಇದು ಕಾಗದ ಅಲ್ಲ, ಜಮಾಖರ್ಚು" ಅಂದೆ. ಮೇಷ್ಟ್ರಿಗೆ ಸಿಟ್ಟು ಬಂತು. "ಹಂಗಾದ್ರೆ ನಾನು ಮಾಡಿದ್ದು ಏನೂ ಇಲ್ವಾ?" ಎಂದರು. ಮಾಡಿದ್ದು ಇದೆ. ಅದು ಮಗಳಿಗೂ ಗೊತ್ತು. ಅವಳಿಗೆ ಗೊತ್ತಿರುವುದನ್ನೇ ಆರು ಹಾಳೆ ಬರೆದರೆ, ಓದುವವಳು ಅದನ್ನು ಪ್ರೀತಿ ಅಂದುಕೊಳ್ಳುವುದಿಲ್ಲ, ಬಾಕಿ ವಸೂಲಿಗೆ ಬಂದ ಚೀಟಿ ಅಂದುಕೊಳ್ಳುತ್ತಾಳೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಪಿಲ್ಲೆಮರ್ ಅವರು ಮಾತು ಬಿಟ್ಟ ಕುಟುಂಬಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 2020ರಲ್ಲಿ ಒಂದು ಪುಸ್ತಕ ಬರೆದರು. ಮತ್ತೆ ಒಂದಾದವರ ಕಥೆಗಳಲ್ಲಿ ಅವರಿಗೆ ಮತ್ತೆ ಮತ್ತೆ ಕಂಡದ್ದು ಒಂದು ಸಂಗತಿ: ಹಿಂದೆ ನಡೆದದ್ದರ ಬಗ್ಗೆ ನನ್ನ ಲೆಕ್ಕವೇ ಸರಿ ಎಂದು ಎದುರಿನವರಿಂದ ಒಪ್ಪಿಸುವ ಹಟವನ್ನು ಅವರು ಕೈಬಿಟ್ಟಿದ್ದರು. ಅವರ ಅಧ್ಯಯನ ನಡೆದದ್ದು ಅಮೆರಿಕದ ಮನೆಗಳಲ್ಲಿ. ಆದರೆ ಹಟ ಎನ್ನುವುದು ನಮ್ಮ ಜಗಲಿಯ ಮೇಲೂ ಅಷ್ಟೇ ಗಟ್ಟಿಯಾಗಿ ಕೂತಿತ್ತು.

ಹತ್ತು ದಿನ ಬಿಟ್ಟು ಎರಡನೆಯ ಕರಡು ಬಂತು. ಎರಡೇ ಪುಟ. ಜಮಾಖರ್ಚು ಹೋಗಿತ್ತು. ಆದರೆ ಕ್ಷಮೆಯ ಜಾಗದಲ್ಲಿ ಇದ್ದದ್ದು ಹೀಗೆ: "ಆ ಹೊತ್ತಿನಲ್ಲಿ ಸಿಟ್ಟು ಬಂದು ಬಾಯಿಂದ ಏನೇನೋ ಮಾತು ಬಂದುಬಿಟ್ಟಿತು. ನಮ್ಮಿಂದ ನಿನ್ನ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಬೇಕು. ಆದರೆ ತಂದೆಯ ಸ್ಥಾನದಲ್ಲಿ ನಿಂತು ನೋಡಿದರೆ ನಿನಗೇ ತಿಳಿಯುತ್ತದೆ."

ಮೊದಲ ವಾಕ್ಯದ ಕೆಳಗೆ ಗೆರೆ ಎಳೆದು, "ಸಾರ್, ಇದರಲ್ಲಿ ಕರ್ತೃಪದ ಎಲ್ಲಿದೆ?" ಎಂದು ಕೇಳಿದೆ. ಎಂಟನೇ ಕ್ಲಾಸಿನಲ್ಲಿ ಇದೇ ಪ್ರಶ್ನೆಗೆ ಉತ್ತರ ಹೇಳದೆ ನಾನು ಬೆಂಚಿನ ಮೇಲೆ ನಿಂತಿದ್ದೆ.

ಮೇಷ್ಟ್ರು ಕಾಗದವನ್ನು ಹತ್ತಿರ ಹಿಡಿದು ನೋಡಿದರು. ಬಂದದ್ದು ಸಿಟ್ಟು. ಬಂದದ್ದು ಮಾತು. ಅಂದವರು ಯಾರೂ ಇಲ್ಲ. ಕನ್ನಡದಲ್ಲಿ ಈ ಸೌಕರ್ಯ ಬಹಳ. ನಮಗೆ ಸಿಟ್ಟು 'ಬರುತ್ತದೆ', ನೆಂಟರು ಬಂದ ಹಾಗೆ, ಕರೆಯದೆ. ಮಾತು 'ಬಂದುಬಿಡುತ್ತದೆ', ಕೈ 'ಎದ್ದುಬಿಡುತ್ತದೆ', ತಪ್ಪು 'ಆಗಿಹೋಗುತ್ತದೆ'. ಮಾಡಿದವನು ಪಕ್ಕದಲ್ಲಿ ನಿಂತು ನೋಡುತ್ತಿದ್ದ ಎನ್ನುವ ಹಾಗೆ. ದಿನನಿತ್ಯದ ಮಾತಿನಲ್ಲಿ ಇದರಿಂದ ಏನೂ ಕೆಡುವುದಿಲ್ಲ. ಕ್ಷಮೆ ಕೇಳುವ ಕಾಗದದಲ್ಲಿ ಎಲ್ಲವೂ ಕೆಡುತ್ತದೆ. 'ನಮ್ಮಿಂದ' ಎಂಬ ಪದವೂ ಅಂಥದ್ದೇ. ಬೈದವರು ಮೇಷ್ಟ್ರು ಒಬ್ಬರೇ, ತಪ್ಪು ಹೊರುವಾಗ ಹೆಂಡತಿಯನ್ನೂ ಅಣ್ಣನನ್ನೂ ಜೊತೆಗೆ ನಿಲ್ಲಿಸಿಕೊಂಡಿದ್ದರು. 'ನೋವಾಗಿದ್ದರೆ' ಎಂದರೆ ಆಗಿಲ್ಲದಿರಲೂಬಹುದು ಎಂದು. ಇನ್ನು ಆ 'ಆದರೆ'. ಅದರ ಹಿಂದಿನದೆಲ್ಲ ಅದೊಂದರಿಂದ ಅಳಿಸಿಹೋಗುತ್ತದೆ. ಬೋರ್ಡಿನ ಮೇಲೆ ಡಸ್ಟರ್ ಆಡಿಸಿದ ಹಾಗೆ.

ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಕ್ಷಮೆಯಾಚನೆಯನ್ನು ಆರು ಭಾಗ ಮಾಡಿ, ಕೇಳುವವರ ಮೇಲೆ ಯಾವುದು ಎಷ್ಟು ಕೆಲಸ ಮಾಡುತ್ತದೆ ಎಂದು ನೋಡಿದರು. ಎಲ್ಲಕ್ಕಿಂತ ತೂಕದ್ದು "ತಪ್ಪು ನನ್ನದು" ಎಂದು ಒಪ್ಪುವುದು. ಎರಡನೆಯದು, ಕೆಟ್ಟದ್ದನ್ನು ಸರಿಮಾಡಲು ಏನು ಮಾಡುತ್ತೇನೆ ಎಂದು ಹೇಳುವುದು. ಎಲ್ಲಕ್ಕಿಂತ ಹಗುರ "ಕ್ಷಮಿಸು" ಎಂಬ ಬೇಡಿಕೆ. ಮೇಷ್ಟ್ರ ಕರಡಿನಲ್ಲಿ ಇದ್ದದ್ದು ಆ ಹಗುರದ್ದು ಮಾತ್ರ. ಬೇಡಿಕೆ ಯಾಕೆ ಹಗುರ ಎಂದರೆ, ಅದು ಭಾರವನ್ನು ಮತ್ತೆ ಮಗಳ ತಲೆಯ ಮೇಲೇ ಇಡುತ್ತದೆ. ಕ್ಷಮಿಸದಿದ್ದರೆ ಅವಳೇ ಕಲ್ಲು ಮನಸ್ಸಿನವಳು ಎಂದಾಗುತ್ತದೆ.

"ಸರಿ, 'ಅಂದೆ' ಅಂತ ಬರೀತೀನಿ. ಏನು ಅಂದೆ ಅನ್ನೋದನ್ನೂ ಬರೀಬೇಕಾ?" ಎಂದು ಕೇಳಿದರು. ಬರೆಯಬೇಕು, ಇಲ್ಲದಿದ್ದರೆ 'ಏನೇನೋ' ಆಗುತ್ತದೆ. ಹಾಗೆಂದು ಆ ಬೈಗುಳವನ್ನೇ ಮತ್ತೆ ಕಾಗದದ ಮೇಲೆ ಇಳಿಸುವುದೂ ಸಲ್ಲದು. ಎಲ್ಲಿ, ಯಾರಿಗೆ, ಎಂಥ ಮಾತು ಅಂದೆ ಎಂದು ಹೇಳಿದರೆ ಸಾಕು, ಅವಳಿಗೆ ಗೊತ್ತಾಗುತ್ತದೆ.

ಇಲ್ಲಿಯವರೆಗೆ ನಾನು ದೊಡ್ಡ ತಿಳಿವಳಿಕಸ್ಥನ ಹಾಗೆ ಗೆರೆ ಎಳೆಯುತ್ತಿದ್ದೆ. ನನ್ನ ತಲೆಗೂ ಹೊಳೆಯದಿದ್ದ ಸಂಗತಿಯನ್ನು ಹೇಳಿದವರು ಮೇಷ್ಟ್ರ ಹೆಂಡತಿ. ಅವರು ಮಗಳ ಜೊತೆ ಇಷ್ಟು ವರ್ಷವೂ ಕದ್ದು ಮಾತಾಡುತ್ತಿದ್ದರು. ಮೇಷ್ಟ್ರು ತೋಟಕ್ಕೆ ಹೋದ ಹೊತ್ತಿನಲ್ಲಿ, ಪಕ್ಕದ ಮನೆಯ ಫೋನಿನಿಂದ. ಮೂರನೆಯ ಕರಡನ್ನು ನಾನು ಗಟ್ಟಿಯಾಗಿ ಓದುತ್ತಿದ್ದಾಗ ಅವರು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. "ಎಳ್ಳುನೀರು ಅಂದಿದ್ದನ್ನ ಅವಳು ಯಾವತ್ತೋ ನುಂಗ್ಕೊಂಡಳು ಕಣಪ್ಪ. ಅಜ್ಜಿ ಮುಖ ನೋಡೋಕೆ ಬಿಡಲಿಲ್ವಲ್ಲ ಇವರು, ಅದು" ಎಂದರು.

ಮೇಷ್ಟ್ರ ತಾಯಿ ತೀರಿಕೊಂಡದ್ದು 2017ರಲ್ಲಿ. ಮಗಳಿಗೆ ಯಾರೂ ತಿಳಿಸಲಿಲ್ಲ, ಹೇಗೋ ಗೊತ್ತಾಗಿ ಗಂಡನ ಜೊತೆ ಬಂದಳು. ಹೆಣ ಇನ್ನೂ ನಡುಮನೆಯಲ್ಲಿತ್ತು. ಮೇಷ್ಟ್ರು ಜಗಲಿಯಿಂದ ಇಳಿಯದೆ, "ನೀನು ಒಳಗೆ ಬಾ. ಅವನು ರಸ್ತೇಲೇ ಇರ್ಲಿ" ಎಂದರು. ಆಕೆ ಒಂದು ಗಳಿಗೆ ನಿಂತಿದ್ದು, ಗಂಡನ ಜೊತೆ ತಿರುಗಿ ಹೋದಳು. ಅವಳನ್ನು ಎತ್ತಿ ಆಡಿಸಿ ಬೆಳೆಸಿದ್ದು ಆ ಅಜ್ಜಿ.

ಮೂರೂ ಕರಡುಗಳಲ್ಲಿ ಈ ದಿನದ ಒಂದು ಅಕ್ಷರವೂ ಇರಲಿಲ್ಲ. ಮರೆಮಾಚಿದ್ದಲ್ಲ, ಮೇಷ್ಟ್ರಿಗೆ ಅದು ತಪ್ಪು ಎಂದೇ ಹೊಳೆದಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಔದಾರ್ಯ: ಒಳಗೆ ಬಾ ಅಂದಿದ್ದೆನಲ್ಲ! ಇಂಥ ಕಾಗದಗಳು ಹೆಚ್ಚಾಗಿ ಸೋಲುವುದು ಇಲ್ಲೇ ಎಂದು ನನಗೆ ಈಗ ಅನಿಸುತ್ತದೆ. ಅಪ್ಪ ತನ್ನ ನೆನಪಿನಲ್ಲಿ ದೊಡ್ಡದಾಗಿ ಉಳಿದ ತಪ್ಪಿಗೆ ಕ್ಷಮೆ ಕೇಳುತ್ತಾನೆ, ಮಗಳ ಗಾಯ ಬೇರೆ ಕಡೆ ಇರುತ್ತದೆ. ಅದು ಎಲ್ಲಿದೆ ಎಂದು ಕೂತು ಊಹಿಸಿದರೆ ಸಿಗುವುದಿಲ್ಲ. ಎರಡೂ ಕಡೆ ಮಾತು ಉಳಿಸಿಕೊಂಡ ಒಬ್ಬರು ಮನೆಯಲ್ಲಿ ಇದ್ದೇ ಇರುತ್ತಾರೆ, ತಾಯಿಯೋ ತಮ್ಮನೋ ಸೋದರತ್ತೆಯೋ. ಕದ್ದು ಮಾತಾಡಿದ್ದಕ್ಕೆ ಅವರ ಮೇಲೆ ರೇಗುವುದನ್ನು ಬಿಟ್ಟು, ಅವರನ್ನು ಕೇಳಬೇಕು. ಮೇಷ್ಟ್ರು ರೇಗಲಿಲ್ಲ. "ಪಕ್ಕದ ಮನೆ ಫೋನಿಗೆ ಎಷ್ಟು ಕೊಟ್ಟೆ?" ಎಂದು ಮಾತ್ರ ಕೇಳಿದರು.

ಮೂರನೆಯ ಕರಡು ಮುಗಿಯುತ್ತಿದ್ದದ್ದು "ಹಬ್ಬಕ್ಕೆ ಬಾ" ಎಂದು. ನಾನು ಒಂದು ಪ್ರಶ್ನೆ ಹಾಕಿದೆ. "ಬಂದ್ರೆ ಅಳಿಯಂದಿರನ್ನ ಎಲ್ಲಿ ಕೂರಿಸ್ತೀರಿ ಸಾರ್? ಊಟಕ್ಕೆ ಎಲ್ಲಿ ಹಾಕ್ತೀರಿ? ಯಾವ ಲೋಟದಲ್ಲಿ ಕಾಫಿ ಕೊಡ್ತೀರಿ?"

ಮೇಷ್ಟ್ರು ಕಾಗದ ಮಡಚಿಕೊಂಡು ಎದ್ದು ಹೋದರು. ಎರಡು ವಾರ ನಮ್ಮ ಬೀದಿಗೆ ಬರಲಿಲ್ಲ.

ಕೇಳಬಾರದಿತ್ತೇನೋ ಎಂದು ನನಗೂ ಅನಿಸಿತು. ಆದರೆ ಕಾಗದ ನಿಂತಿದ್ದದ್ದು ಆ ಪ್ರಶ್ನೆಯ ಮೇಲೆಯೇ, ಪದಗಳ ಮೇಲಲ್ಲ. "ಮನೆಗೆ ಬಾ" ಎಂದು ಕರೆದು, ಬಂದ ಅಳಿಯನಿಗೆ ಜಗಲಿಯಲ್ಲಿ ಚಾಪೆ ಹಾಸಿ, ಪೇಪರ್ ತಟ್ಟೆಯಲ್ಲಿ ಊಟ ಕೊಟ್ಟು, "ಇವತ್ತು ಎಲ್ಲರಿಗೂ ಇದರಲ್ಲೇ" ಎಂದು ನಗುವ ಮನೆಗಳನ್ನು ನಾನು ನೋಡಿದ್ದೇನೆ. ಕರೆಯದೆ ಇದ್ದ ಒಂಬತ್ತು ವರ್ಷಕ್ಕಿಂತ ಆ ಒಂದು ಊಟ ಕೆಟ್ಟದ್ದು. ಅದರ ಮೇಲೆ ಮತ್ತೊಂದು ಕಾಗದಕ್ಕೆ ಜಾಗ ಉಳಿಯುವುದಿಲ್ಲ. ಬೆಳಗಾವಿ ಜಿಲ್ಲೆಯ ಠಾಣೆಯೊಂದರಲ್ಲಿ ತಂದೆ ಕೊಟ್ಟ ದೂರಿನಿಂದ ಎದ್ದ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಮಗಳು ತಾನೇ ಮೆಚ್ಚಿ ಮದುವೆಯಾಗಿದ್ದಳು. 2021ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿಗಳಾದ ಸಂಜಯ್ ಕಿಶನ್ ಕೌಲ್ ಮತ್ತು ಹೃಷಿಕೇಶ್ ರಾಯ್ ಆ ಎಫ್‌ಐಆರ್ ರದ್ದು ಮಾಡಿದರು. ಅಷ್ಟಕ್ಕೇ ಬಿಡದೆ, ತಂದೆತಾಯಿ ಈ ಮದುವೆಯನ್ನು ಒಪ್ಪಿಕೊಂಡು ಮಗಳ ಜೊತೆ ಮಾತ್ರವಲ್ಲ, ಅಳಿಯನ ಜೊತೆಗೂ ಮತ್ತೆ ಒಡನಾಟ ಬೆಳೆಸಲಿ ಎಂಬ ಆಶಯವನ್ನೂ ತೀರ್ಪಿನಲ್ಲಿ ಬರೆದರು. ಕೋರ್ಟು ಎಫ್‌ಐಆರ್ ರದ್ದು ಮಾಡಬಹುದು. ಊಟಕ್ಕೆ ಎಲ್ಲಿ ಹಾಕಬೇಕು ಎಂದು ಆದೇಶ ಮಾಡಲಾರದು.

ಮೇಷ್ಟ್ರ ಮನೆಗೂ ಅವರ ಅಣ್ಣನ ಮನೆಗೂ ನಡುವೆ ಒಂದೇ ಗೋಡೆ. ಹಬ್ಬದ ಊಟ ಒಟ್ಟಿಗೆ. ಎರಡು ವಾರದಲ್ಲಿ ಅವರು ಮಾಡಿದ ಕೆಲಸ ಇದು: ಅಣ್ಣನ ಎದುರು ಕೂತು, "ಅಳಿಯ ಬಂದ್ರೆ ನಡುಮನೇಲಿ ನನ್ನ ಪಕ್ಕ ಊಟಕ್ಕೆ ಕೂರ್ತಾನೆ. ನಿಮಗೆ ಆಗಲ್ಲ ಅಂದ್ರೆ ಆವತ್ತು ನೀವು ಈ ಕಡೆ ಬರಬೇಡಿ" ಎಂದು ಹೇಳಿದರು. ಅಣ್ಣ ಒಪ್ಪಲಿಲ್ಲ. ಹಬ್ಬದ ಊಟ ಅಲ್ಲಿಗೆ ಬೇರೆಯಾಯಿತು. ಮೇಷ್ಟ್ರು ನನ್ನ ಹತ್ತಿರ ಬಂದು, "ಈಗ ಬರೀಬಹುದಾ?" ಎಂದರು.

ಇನ್ನೊಂದು ತೊಡಕು ಇತ್ತು, ಆಸ್ತಿಯದು. ನಮ್ಮ ಕಡೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ತವರಿನಿಂದ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತೆಂದರೆ ಹೆಣ್ಣುಮಕ್ಕಳಿಗೆ ಮೊದಲು ಬರುವ ಅನುಮಾನ, "ಎಲ್ಲೋ ಸಹಿ ಬೇಕಾಗಿದೆ" ಎಂದು. ಹಕ್ಕು ಬಿಡುಗಡೆ ಪತ್ರದ ಸಹಿ. ಅನುಮಾನ ಸುಳ್ಳಲ್ಲ, ಎಷ್ಟೋ ಮನೆಗಳಲ್ಲಿ ಅರಿಶಿನ ಕುಂಕುಮದ ತಟ್ಟೆಯ ಹಿಂದೆಯೇ ಸ್ಟಾಂಪ್ ಪೇಪರ್ ಬರುತ್ತದೆ. ಜಾತಿ ಬಿಟ್ಟು ಮದುವೆಯಾದರೆ ಪಾಲು ಹೋಗುತ್ತದೆ ಎಂದು ಊರಿನವರು ಹೇಳುವುದು ಬರೀ ಬೆದರಿಕೆ. ಕರ್ನಾಟಕದಲ್ಲಿ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು, 2005ರ ತಿದ್ದುಪಡಿಯಲ್ಲಿ ದೇಶಕ್ಕೆಲ್ಲ ಬಂತು. ಯಾರನ್ನು ಮದುವೆಯಾದಳು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. "ನನಗೂ ಇವಳಿಗೂ ಸಂಬಂಧವಿಲ್ಲ" ಎಂದು ಪೇಪರಿನಲ್ಲಿ ಪ್ರಕಟಣೆ ಹಾಕಿಸಿದರೂ ಅಪ್ಪ ಸ್ವಂತ ದುಡಿದದ್ದನ್ನು ಬೇರೆಯವರಿಗೆ ವಿಲ್ ಮಾಡಬಹುದಷ್ಟೇ, ಪಿತ್ರಾರ್ಜಿತದಲ್ಲಿ ಅವಳ ಭಾಗವನ್ನು ಕಿತ್ತುಕೊಳ್ಳಲಾಗದು.

ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ "ತೋಟದಲ್ಲಿ ನಿನ್ನ ಪಾಲು ನಿನಗೆ ಇಟ್ಟಿದ್ದೇನೆ" ಎಂದು ಬರೆದಿದ್ದರು. ಅದೂ ಬೇಡವೆಂದೆ. ಕಾನೂನಿನಿಂದಲೇ ಇರುವ ಪಾಲನ್ನು ಉಡುಗೊರೆಯ ಹಾಗೆ ಬರೆದರೆ ಲಂಚದ ವಾಸನೆ ಬರುತ್ತದೆ. ಸಹಿಗಾಗಿ ಬರೆದದ್ದಲ್ಲ ಎಂಬ ಒಂದು ಸಾಲು ಉಳಿಯಿತು. ಮಂಡಿನೋವೂ ಬಿ.ಪಿ.ಯೂ ಹೋದವು. ಕಾಯಿಲೆ ನಿಜವೇ ಇರಬಹುದು, ಕ್ಷಮೆಯ ಪಕ್ಕದಲ್ಲಿ ಕೂತಾಗ ಅದು ಬೆದರಿಕೆಯಾಗುತ್ತದೆ.

ಕೊನೆಗೆ ಉಳಿದದ್ದು ಒಕ್ಕಣೆ. ನಮ್ಮ ಹಳೆಯ ಕಾಗದದ ಪದ್ಧತಿಯಲ್ಲಿ ಒಕ್ಕಣೆಯೇ ಅರ್ಧ ಕಾಗದ. ದೊಡ್ಡವರಿಗಾದರೆ ತೀರ್ಥರೂಪ, ಕಿರಿಯರಿಗೆ ಚಿರಂಜೀವಿ. ಮದುವೆಯಾಗದ ಹುಡುಗಿಗೆ ಕುಮಾರಿ, ಆದವಳಿಗೆ ಸೌಭಾಗ್ಯವತಿ. ಅಳಿಯನಿಗೆ ಚಿ. ರಾ., ಅಂದರೆ ಚಿರಂಜೀವಿ ರಾಜಶ್ರೀ. ಈಗ ಇವೆಲ್ಲ ಲಗ್ನಪತ್ರಿಕೆಯಲ್ಲಿ ಮಾತ್ರ ಉಳಿದಿವೆ. ಮದುವೆಯ ಮರುವರ್ಷ ಮಗಳ ಅಂಕಪಟ್ಟಿಗಳನ್ನು ಪಾರ್ಸೆಲ್ ಮಾಡಿ ಕಳಿಸಿದಾಗ ಮೇಷ್ಟ್ರು ಮೇಲೆ 'ಕು.' ಎಂದು ಬರೆದಿದ್ದರು. ಬೇಕೆಂದೇ ಬರೆದದ್ದು. ನಿನ್ನ ಮದುವೆ ನನ್ನ ಪಾಲಿಗೆ ಆಗಿಲ್ಲ ಎನ್ನುವುದಕ್ಕೆ ಕನ್ನಡದ ಮೇಷ್ಟ್ರಿಗೆ ಅದಕ್ಕಿಂತ ಹರಿತವಾದ ಅಕ್ಷರ ಬೇಕಿರಲಿಲ್ಲ. ಮೂರು ಕರಡಿನಲ್ಲೂ ಅವರು ಜಾಣತನದಿಂದ 'ಪ್ರೀತಿಯ ಮಗಳಿಗೆ' ಎಂದಿಟ್ಟಿದ್ದರು. ನಾಲ್ಕನೆಯದನ್ನು ನನ್ನ ಮುಂದೆಯೇ ಬರೆದರು. ಮೊದಲು ಕ್ಷೇಮ. ಆಮೇಲೆ ಪೆನ್ನು ನಿಂತಿತು. ಆಮೇಲೆ 'ಚಿ. ಸೌ.' ಎಂದು ಬರೆದು ಅವಳ ಹೆಸರು ಬರೆದರು. ನಾನು ಏನೂ ಹೇಳಿಕೊಟ್ಟಿರಲಿಲ್ಲ.

ಕಾಗದ ಹೀಗಿತ್ತು. ಹೆಸರುಗಳನ್ನು ಬಿಟ್ಟಿದ್ದೇನೆ.

"ಕ್ಷೇಮ. ಚಿ. ಸೌ. ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಈ ಕಾಗದ ಯಾವ ಸಹಿಗಾಗಿಯೂ ಬರೆದದ್ದಲ್ಲ. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ.

ಅಜ್ಜಿ ತೀರಿಕೊಂಡ ದಿನ ನೀವಿಬ್ಬರೂ ಬಂದಿರಿ. ನಾನು ಜಗಲಿಯ ಮೇಲೆ ನಿಂತು ನಿನ್ನ ಗಂಡನನ್ನು ರಸ್ತೆಯಲ್ಲಿ ನಿಲ್ಲಿಸಿದೆ. ಅವರನ್ನು ಬಿಟ್ಟು ನೀನು ಒಳಗೆ ಬರುವುದಿಲ್ಲ ಎಂದು ಗೊತ್ತಿದ್ದೂ ಹಾಗೆ ಹೇಳಿದೆ. ಅಜ್ಜಿಯ ಮುಖವನ್ನು ನಿನಗೆ ತಪ್ಪಿಸಿದವನು ನಾನು. ಅದನ್ನು ಹಿಂದಕ್ಕೆ ಕೊಡಲು ನನ್ನಿಂದ ಆಗುವುದಿಲ್ಲ.

ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ನಿನ್ನ ಅತ್ತೆಯವರಿಗೆ ಅವರ ಜಾತಿ ಎತ್ತಿ ಮಾತಾಡಿದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಎಲ್ಲ ಜಾತಿಯ ಮಕ್ಕಳೂ ನನ್ನ ಮುಂದೆ ಕೂತಿದ್ದರು. ಆ ಮಾತು ತಿಳಿಯದೆ ಆಡಿದ್ದಲ್ಲ, ನೋಯಲಿ ಎಂದೇ ಆಡಿದ್ದು. ಫೋನಿನಲ್ಲಿ ನಿನಗೆ ಎಳ್ಳುನೀರಿನ ಮಾತು ಅಂದೆ. ಅದನ್ನು ಬಹಳ ಸಲ ಅಂದೆ. ನಿನ್ನ ಅಮ್ಮ ಕೈ ಮುಗಿದು ಬೇಡವೆಂದರೂ ಅಂದೆ. ಈ ತಪ್ಪುಗಳು ನನ್ನವು, ಅಮ್ಮನದಾಗಲಿ ಬೇರೆ ಯಾರದಾಗಲಿ ಅಲ್ಲ.

ನೀವು ಯಾವತ್ತಾದರೂ ಬಂದರೆ ನಡುಮನೆಯಲ್ಲಿ ನಿನ್ನ ಗಂಡ ನನ್ನ ಪಕ್ಕ ಕೂತು ಊಟ ಮಾಡುತ್ತಾರೆ. ಇದನ್ನು ದೊಡ್ಡಪ್ಪನಿಗೆ ಹೇಳಿದ್ದೇನೆ. ಅವರು ಒಪ್ಪಿಲ್ಲ. ಅದು ನಿನ್ನಿಂದ ಆದದ್ದಲ್ಲ, ನಾನು ಮಾಡಿಕೊಂಡ ತೀರ್ಮಾನ. ಬರಲೇಬೇಕು ಎಂದು ಕೇಳುತ್ತಿಲ್ಲ. ನಿನ್ನ ಅತ್ತೆಯವರು ಒಪ್ಪಿದರೆ, ನಾನೇ ಅಲ್ಲಿಗೆ ಬಂದು ಅವರ ಮುಂದೆ ಈ ಮಾತು ಹೇಳುತ್ತೇನೆ. ಬೇಡ ಎಂದರೆ ಬರುವುದಿಲ್ಲ.

ಉತ್ತರ ಬರೆಯಲೇಬೇಕೆಂದಿಲ್ಲ. ಚಿ. ರಾ. ಅಳಿಯಂದಿರಿಗೆ ಬೇರೆ ಒಂದು ಹಾಳೆ ಇಟ್ಟಿದ್ದೇನೆ, ಅವರಿಗೆ ಕೊಡು.

ನಿನ್ನ ಅಪ್ಪ."

ಅಳಿಯನಿಗೆ ಬರೆದ ಹಾಳೆಯಲ್ಲಿ ಐದೇ ಸಾಲು. ಅದನ್ನು ಅವರು ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ವಿಳಾಸವನ್ನು ಮೇಷ್ಟ್ರ ಹೆಂಡತಿ ಕೊಡಬಹುದಿತ್ತು, ಕೊಡಲಿಲ್ಲ. ಮೊದಲು ಮಗಳನ್ನು ಕೇಳಿದರು: "ಅಪ್ಪ ಕಾಗದ ಬರೀತಾರಂತೆ, ವಿಳಾಸ ಕೊಡಲಾ?" ಇದು ಸಣ್ಣ ಸಂಗತಿಯಲ್ಲ. ಬೈಗುಳ ದಾಟಿ ಕೈ ಮಾಡುವವರೆಗೆ, ಆಳು ಕಳಿಸುವವರೆಗೆ, ಪೊಲೀಸ್ ರಕ್ಷಣೆ ಕೇಳುವವರೆಗೆ ಹೋಗಿದ್ದ ಮನೆಗಳಲ್ಲಿ, "ನೀನು ಎಲ್ಲಿದ್ದೀಯ ಎಂದು ನನಗೆ ಗೊತ್ತಾಯಿತು" ಎಂಬುದೇ ಆ ಕಾಗದ ಹೇಳುವ ಮೊದಲ ಮಾತಾಗುತ್ತದೆ. ಅಂಥ ಅಪ್ಪ ಕಾಗದ ಬರೆಯಬಾರದು. ಮಗಳೇ ಮಧ್ಯಸ್ಥರ ಮೂಲಕ ಬಯಸುವ ತನಕ ಸುಮ್ಮನಿರಬೇಕು. ಇಲ್ಲಿ ಮಗಳು ಮೂರು ದಿನ ತೆಗೆದುಕೊಂಡು "ಕೊಡು" ಎಂದಳು.

ಮೇಷ್ಟ್ರಿಗೆ ಅದನ್ನು ರಿಜಿಸ್ಟರ್ ಮಾಡಿ, ಸ್ವೀಕೃತಿ ಚೀಟಿ ಹಚ್ಚಿ ಕಳಿಸುವ ಆಸೆ. ಕಳೆದುಹೋದೀತೆಂಬ ಹೆದರಿಕೆ. ಅಪ್ಪನ ಕಡೆಯಿಂದ ಸಹಿ ಹಾಕಿ ತೆಗೆದುಕೊಳ್ಳಬೇಕಾದ ಕವರ್ ಬಾಗಿಲಿಗೆ ಬಂದರೆ ಯಾರಿಗಾದರೂ ಅನಿಸುವುದು ವಕೀಲರ ನೋಟಿಸು ಎಂದು. ವಾಟ್ಸ್ಆ್ಯಪ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದರಲ್ಲಿ ನೀಲಿ ಗುರುತು ಬೀಳುತ್ತದೆ, ನೋಡಿದಳು ಎಂದು ಇವರಿಗೆ ಗೊತ್ತಾಗುತ್ತದೆ, ಗೊತ್ತಾಯಿತೆಂದು ಅವಳಿಗೂ ಗೊತ್ತಾಗುತ್ತದೆ. ಸಾದಾ ಅಂಚೆಯ ಕಾಗದವನ್ನು ಅವಳು ಒಡೆಯದೆ ಒಂದು ವಾರ ಇಟ್ಟುಕೊಳ್ಳಬಹುದು, ಹರಿದು ಹಾಕಲೂಬಹುದು, ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಸಾದಾ ಅಂಚೆಯಲ್ಲೇ ಹೋಯಿತು.

ಇಪ್ಪತ್ತಾರನೆಯ ದಿನ ಉತ್ತರ ಬಂತು. ಇನ್‌ಲ್ಯಾಂಡ್ ಲೆಟರ್. ತೀರ್ಥರೂಪವೂ ಇಲ್ಲ, ನಮಸ್ಕಾರವೂ ಇಲ್ಲ. "ಅಪ್ಪ, ಕಾಗದ ತಲುಪಿತು. ಇಬ್ಬರೂ ಓದಿದೆವು. ಅತ್ತೆಗೂ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ಸದ್ಯ ಬರುವುದಕ್ಕೆ ಆಗುವುದಿಲ್ಲ, ನೀವೂ ಬರಬೇಡಿ. ಅಜ್ಜಿಯ ಫೋಟೊ ಇದ್ದರೆ ಒಂದು ಕಳಿಸಿ." ನೀಲಿ ಹಾಳೆಯ ಮೂರು ಭಾಗ ಖಾಲಿ.

ಮೇಷ್ಟ್ರು ನಡುಮನೆಯ ಗೋಡೆಯಿಂದ ತಾಯಿಯ ಫೋಟೊ ಇಳಿಸಿ, ಹಾರ ತೆಗೆದು, ಚೌಕಟ್ಟು ಬಿಚ್ಚಿ, ತಾಲ್ಲೂಕಿನ ಸ್ಟುಡಿಯೋಗೆ ತಾವೇ ಒಯ್ದು ಪ್ರತಿ ಮಾಡಿಸಿದರು. ಎರಡು ರಟ್ಟಿನ ನಡುವೆ ಇಟ್ಟು ಕಳಿಸಿದರು. ರಟ್ಟು ಹಳೆಯ ಹಾಜರಿ ಪುಸ್ತಕದ್ದೇ. ಕವರಿನ ಮೇಲೆ 'ಚಿ. ಸೌ.' ಎಂದಿತ್ತು, ಒಳಗೆ ಕಾಗದ ಇರಲಿಲ್ಲ. ಫೋಟೊ ತಲುಪಿದೆ ಎಂದು ಮಗಳು ಅಮ್ಮನಿಗೆ ಹೇಳಿದ್ದಾಳೆ, ಈಗ ಮನೆಯ ಫೋನಿಗೇ ಮಾಡಿ. ಅವರು ಇನ್ನೂ ಬಂದಿಲ್ಲ.